ಓವನ್ನೂ ಅಲುಗುತ್ತದೆ, ಮೀಟರೂ ಅಲುಗುತ್ತದೆ: ತೇವಾಂಶದ ಗೆರೆಗೆ ಯಾವ ವಿಧಾನ?

ಸುಗ್ಗಿ ಬಂತೆಂದರೆ ದಾವಣಗೆರೆ ಸುತ್ತಮುತ್ತ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳದ ಕಣವಾಗಿಬಿಡುತ್ತದೆ. ಮೇಲಿನ ಕಾಳು ಬಿಸಿಲಿಗೆ ಒಣಗಿರುತ್ತದೆ, ಅಡಿಯದು ಹಸಿಯಾಗಿಯೇ ಇರುತ್ತದೆ. ಅದನ್ನೇ ಬಳಿದು ಚೀಲಕ್ಕೆ ತುಂಬಿ ಮಾರುಕಟ್ಟೆಗೆ ತರುತ್ತಾರೆ. ಅಲ್ಲಿ ಒಂದು ಪುಟ್ಟ ಮೀಟರ್ ಕಪ್ಪಿಗೆ ಕಾಳು ಸುರಿದು ತೇವಾಂಶ ನೋಡುತ್ತಾರೆ. ಬೆಲೆಯ ಮಾತು ಶುರುವಾಗುವುದು ಆ ಅಂಕಿಯ ಮೇಲೆ.

ಗೋದಾಮು ಇಟ್ಟುಕೊಂಡಿರುವ ಗೆಳೆಯನೊಬ್ಬ ಒಂದು ದಿನ ಕೇಳಿದ: "ಮೀಟರ್ ಹದಿನೇಳು ತೋರಿಸ್ತೈತೆ. ಅಸಲಿಗೆ ಎಷ್ಟೈತೆ ಹೇಳಣ್ಣ."

ಸರಳ ಕೆಲಸ ಅಂದುಕೊಂಡೆ. ಹತ್ತು ರಾಶಿಗಳನ್ನು ಮೀಟರಿನಲ್ಲಿ ನೋಡುವುದು, ಅದೇ ರಾಶಿಗಳ ಕಾಳನ್ನು ಓವನ್ನಿನಲ್ಲಿ ಒಣಗಿಸಿ ನಿಜವಾದ ತೇವಾಂಶ ಕಂಡುಹಿಡಿಯುವುದು, ಎರಡಕ್ಕೂ ಒಂದು ಗೆರೆ ಎಳೆಯುವುದು. ಇಡೀ ಕಾಳನ್ನು 103 ಡಿಗ್ರಿಯಲ್ಲಿ 72 ಗಂಟೆ ಒಣಗಿಸಿ, ಮೊದಲು ಮತ್ತು ಆಮೇಲೆ ತೂಗುವ ಕ್ರಮ ಅದು. ಎಕ್ಸೆಲ್‌ನಲ್ಲಿ `SLOPE` ಎಂದು ಬರೆದರೆ ಮುಗಿಯಿತು, ಅಲ್ವಾ?

ಮುಗಿಯಲಿಲ್ಲ. ಓವನ್ನನ್ನು ಅಡ್ಡ ಅಕ್ಷಕ್ಕೆ, ಮೀಟರನ್ನು ನೇರ ಅಕ್ಷಕ್ಕೆ ಇಟ್ಟು ಗೆರೆ ಎಳೆದರೆ ಇಳಿಜಾರು 0.88 ಬಂತು. ಮೀಟರನ್ನು ಅಡ್ಡಕ್ಕೆ, ಓವನ್ನನ್ನು ನೇರಕ್ಕೆ ಇಟ್ಟು ಎಳೆದು, ಆ ಗೆರೆಯನ್ನು ತಿರುಗಿಸಿ ಓದಿದರೆ 1.15 ಬಂತು. ಅಂಕಿಗಳು ಅವೇ, ಮೀಟರೂ ಅದೇ. ಮೊದಲನೆಯದು "ತೇವ ಏರಿದಷ್ಟು ಮೀಟರ್ ಏರುವುದಿಲ್ಲ" ಅನ್ನುತ್ತದೆ. ಎರಡನೆಯದು "ಅದಕ್ಕಿಂತ ಜಾಸ್ತಿ ಏರುತ್ತದೆ" ಅನ್ನುತ್ತದೆ.

ತಪ್ಪನ್ನು ಯಾರ ತಲೆಗೆ ಕಟ್ಟುವುದು

`SLOPE` ಬಳಸುವ ಸಾಮಾನ್ಯ ಕನಿಷ್ಠ ವರ್ಗ ವಿಧಾನ ಅಡ್ಡ ಅಕ್ಷದ ಅಂಕಿಯನ್ನು ಪೂರ್ತಿ ನಂಬುತ್ತದೆ. ಚುಕ್ಕೆ ಗೆರೆಯಿಂದ ದೂರ ಇದ್ದರೆ ತಪ್ಪೆಲ್ಲ ನೇರ ಅಕ್ಷದ್ದೇ ಎಂದು ಲೆಕ್ಕ ಹಾಕುತ್ತದೆ. ನಾನು ಓವನ್ನನ್ನು ಅಡ್ಡಕ್ಕೆ ಇಟ್ಟಾಗ ತಪ್ಪೆಲ್ಲ ಮೀಟರಿನ ತಲೆಗೆ ಬಂತು. ತಿರುಗಿಸಿದಾಗ ಓವನ್ನಿನ ತಲೆಗೆ ಬಂತು.

ಅಡ್ಡ ಅಕ್ಷದಲ್ಲಿ ಏರುಪೇರು ಇದ್ದರೆ ಆಗುವುದು ಇಷ್ಟು. ಚುಕ್ಕೆಗಳು ಎಡಕ್ಕೂ ಬಲಕ್ಕೂ ಹರಡಿಕೊಳ್ಳುತ್ತವೆ. ತುದಿಯಲ್ಲಿ ಕಾಣುವ ಚುಕ್ಕೆಗಳಲ್ಲಿ ಕೆಲವು ನಿಜವಾಗಿ ತುದಿಯವಲ್ಲ, ತಪ್ಪಿನಿಂದ ಅಲ್ಲಿಗೆ ತಳ್ಳಲ್ಪಟ್ಟವು. ಅವುಗಳ ಮೀಟರ್ ಓದು ಮಾತ್ರ ನಡುವಿನ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಗೆರೆ ಮಲಗುತ್ತದೆ. ಎಷ್ಟು ಮಲಗುತ್ತದೆ ಎನ್ನುವುದಕ್ಕೆ ಲೆಕ್ಕವಿದೆ: ರಾಶಿಗಳ ನಡುವಿನ ನಿಜವಾದ ಹರಡಿಕೆಯ ವರ್ಗವನ್ನು, ಕಾಣುವ ಒಟ್ಟು ಹರಡಿಕೆಯ ವರ್ಗದಿಂದ ಭಾಗಿಸಬೇಕು. ಇಳಿಜಾರು ಸುಮಾರಾಗಿ ಆ ಪಾಲಿಗೆ ಕುಗ್ಗುತ್ತದೆ.

ನನ್ನ ಹತ್ತು ರಾಶಿಗಳಲ್ಲಿ ಓವನ್ ಅಂಕಿಗಳ ಒಟ್ಟು ಹರಡಿಕೆಯ ವರ್ಗ 2.71. ಅದರಲ್ಲಿ 0.36 ಬರೀ ತಪ್ಪಿನದು. ಉಳಿದದ್ದು 2.35, ಅಂದರೆ ಪಾಲು 0.87. ಎಲ್ಲ ರಾಶಿಗಳೂ 13 ರಿಂದ 15ರ ಒಳಗೆ ಇದ್ದು ನಿಜವಾದ ಹರಡಿಕೆಯ ವರ್ಗ 0.5 ಆಗಿದ್ದಿದ್ದರೆ, ಅದೇ ತಪ್ಪಿಗೆ ಪಾಲು 0.58ಕ್ಕೆ ಇಳಿಯುತ್ತಿತ್ತು. ಓವನ್ ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಒಂಟಿಯಾಗಿ ನಿಲ್ಲುವುದಿಲ್ಲ. ನಿಮ್ಮ ರಾಶಿಗಳು ಎಷ್ಟು ಅಗಲಕ್ಕೆ ಹರಡಿವೆ ಎಂಬುದರ ಎದುರು ಅದನ್ನು ನೋಡಬೇಕು.

ಮೊದಲು ತಪ್ಪನ್ನು ಅಳೆಯಿರಿ

ಇಲ್ಲಿ ನಾನೇ ಎಡವಿದ್ದೆ. ಓವನ್ನಿನ ತಪ್ಪು ಎಷ್ಟೆಂದು ತಿಳಿಯಲು ಒಂದೇ ಪೊಟ್ಟಣದಿಂದ ಎರಡು ಡಬ್ಬಿ ಕಾಳು ಒಣಗಿಸಿದೆ. ವ್ಯತ್ಯಾಸ 0.2ರ ಒಳಗೇ ಇತ್ತು. ಓವನ್ ಬಂಗಾರ ಅಂದುಕೊಂಡೆ. ಆದರೆ ಮೀಟರ್ ನೋಡಿದ್ದು ರಾಶಿಯ ಒಂದು ಕಡೆಯ ಕಾಳು, ಓವನ್ನಿಗೆ ಹೋದದ್ದು ಇನ್ನೊಂದು ಕಡೆಯ ಕಾಳು. ಒಂದೇ ರಾಶಿಯ ಎರಡು ಕಡೆಯಿಂದ ಎರಡು ಪೊಟ್ಟಣ ತೆಗೆದು ನೋಡಿದಾಗ ವ್ಯತ್ಯಾಸ ಒಂದನ್ನು ದಾಟಿತು. ತಪ್ಪು ಓವನ್ನಿನದಲ್ಲ, ರಸ್ತೆಯ ಮೇಲೆ ಒಣಗಿಸಿದ ರಾಶಿಯದು. ಗೆರೆಗೆ ಮಾತ್ರ ಆ ಭೇದ ಗೊತ್ತಿಲ್ಲ. ಅದರ ಪಾಲಿಗೆ ಎಲ್ಲವೂ ಅಡ್ಡ ಅಕ್ಷದ ತಪ್ಪೇ.

ಆದ್ದರಿಂದ ಪ್ರತಿ ರಾಶಿಯಿಂದ ಬೇರೆ ಬೇರೆ ಕಡೆಯ ಎರಡು ಪೊಟ್ಟಣ ಓವನ್ನಿಗೆ, ಬೇರೆ ಬೇರೆ ಕಡೆಯ ಮೂರು ಕಪ್ಪು ಮೀಟರಿಗೆ ಎಂದು ಮಾಡಿದೆ. ಓವನ್ನಿನ ಲೆಕ್ಕ ಹೀಗೆ: ಪ್ರತಿ ರಾಶಿಯ ಎರಡು ಅಂಕಿಗಳ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸಿದರೆ 14.4. ಹತ್ತು ಜೋಡಿಗಳಿಗೆ 20ರಿಂದ ಭಾಗಿಸಿದರೆ 0.72. ಇದು ಒಂದು ಪೊಟ್ಟಣದ ತಪ್ಪಿನ ವರ್ಗ. ನಾನು ಬಳಸುವುದು ಎರಡರ ಸರಾಸರಿ, ಹಾಗಾಗಿ ಅರ್ಧ: 0.36. ಅದರ ವರ್ಗಮೂಲ 0.6. ಮೀಟರಿಗೂ ಇದೇ ರೀತಿ ಮಾಡಿದರೆ ಮೂರು ಕಪ್ಪಿನ ಸರಾಸರಿಯ ತಪ್ಪು 0.4, ವರ್ಗ 0.16.

ಮೀಟರಿನ ವರ್ಗವನ್ನು ಓವನ್ನಿನ ವರ್ಗದಿಂದ ಭಾಗಿಸಿದರೆ 0.44. ಈ ಒಂದು ಅಂಕಿ ಕೈಯಲ್ಲಿದ್ದರೆ ಮುಂದಿನ ಆಯ್ಕೆ ಸುಲಭ.

ಡೆಮಿಂಗ್ ಗೆರೆ

ತಪ್ಪನ್ನು ಒಬ್ಬರ ತಲೆಗೇ ಕಟ್ಟುವ ಬದಲು ಇಬ್ಬರಿಗೂ ಅವರವರ ಪಾಲಿಗೆ ತಕ್ಕಂತೆ ಹಂಚುವುದು ಡೆಮಿಂಗ್ ವಿಧಾನ. ಹೆಸರು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಅವರದು, 1943ರಲ್ಲಿ ಅವರು ಬರೆದ ಮೇಲೆ ಪ್ರಚಾರಕ್ಕೆ ಬಂತು. ಯೋಚನೆ ಮಾತ್ರ ಹಳೆಯದು. ಆಡ್‌ಕಾಕ್ ಎಂಬವರು 1878ರಲ್ಲೇ ಎರಡೂ ಕಡೆ ತಪ್ಪಿರುವ ಗೆರೆಯ ಬಗ್ಗೆ ಬರೆದಿದ್ದರು, ಮರುವರ್ಷ ಕುಮ್ಮೆಲ್ ಅದನ್ನು ಮುಂದುವರಿಸಿದರು.

ನನ್ನ ಅಂಕಿಗಳು ಮತ್ತು ಸೂತ್ರ ಇಲ್ಲಿವೆ. `x` ಓವನ್, `y` ಮೀಟರ್.

```python
import numpy as np
x = np.array([11.6,12.9,12.6,14.1,13.5,14.8,15.6,15.1,16.7,16.1])
y = np.array([12.5,12.5,13.6,13.4,14.9,14.6,15.4,16.4,16.3,17.2])
d = 0.16/0.36
dx, dy = x-x.mean(), y-y.mean()
sxx, syy, sxy = (dx*dx).sum(), (dy*dy).sum(), (dx*dy).sum()
q = syy - d*sxx
b = (q + np.sqrt(q*q + 4*d*sxy**2)) / (2*sxy)
a = y.mean() - b*x.mean()
print(b, a)
```

ಇಳಿಜಾರು 1.07, ಶುರುವಿನ ಅಂಕಿ −0.56 ಬರುತ್ತದೆ. ಇದು 0.88 ಮತ್ತು 1.15ರ ನಡುವೆ ಬಿತ್ತು. ಆಕಸ್ಮಿಕ ಅಲ್ಲ. `d` ತುಂಬಾ ದೊಡ್ಡದಾದರೆ ಡೆಮಿಂಗ್ ಗೆರೆ ಮೊದಲ ಸಾಮಾನ್ಯ ಗೆರೆಯೇ ಆಗುತ್ತದೆ. ಸೊನ್ನೆಗೆ ಇಳಿದರೆ ತಿರುಗಿಸಿದ ಗೆರೆಯಾಗುತ್ತದೆ. ಎಲ್ಲ ಆಯ್ಕೆಗಳೂ ತಿರುಗಿಸುವ ಒಂದೇ ಗುಂಡಿಯ ಬೇರೆ ಬೇರೆ ಜಾಗಗಳು ಅಷ್ಟೇ.

ಅದಕ್ಕೇ `d` ಸ್ವಲ್ಪ ತಪ್ಪಾದರೆ ಗಾಬರಿ ಬೇಡ. ನನ್ನ ಅಂಕಿಗಳಲ್ಲಿ 0.2 ಇಟ್ಟರೆ 1.11, 1 ಇಟ್ಟರೆ 1.01. ಎರಡು ಪಟ್ಟು ತಪ್ಪು ಅಂದಾಜು ಕೂಡ, ಒಂದು ಕಡೆಯ ತಪ್ಪನ್ನು ಪೂರ್ತಿ ಮರೆಯುವುದಕ್ಕಿಂತ ವಾಸಿ.

ಗಾಬರಿ ಆಗಬೇಕಾದ್ದು ಬೇರೆ ಕಡೆ. ಕೆಲವು ತಂತ್ರಾಂಶಗಳು ಈ ಅನುಪಾತವನ್ನು ತಲೆಕೆಳಗಾಗಿ ಕೇಳುತ್ತವೆ, ಓವನ್ ಮೇಲೆ ಮೀಟರ್ ಕೆಳಗೆ. ಗೊತ್ತಿಲ್ಲದೆ 0.44ರ ಬದಲು 2.25 ಒಳಗೆ ಹೋದರೆ ಇಳಿಜಾರು 0.96 ಬರುತ್ತದೆ. ನೋಡೋಕೆ ಏನೂ ವಿಚಿತ್ರ ಅನ್ನಿಸುವುದಿಲ್ಲ, ಅದೇ ಅಪಾಯ. ಪರೀಕ್ಷೆ ಸುಲಭ: ಓವನ್ನಿನ ತಪ್ಪನ್ನು ಸೊನ್ನೆಗೆ ಹತ್ತಿರ ಮಾಡಿ ಓಡಿಸಿ. 0.88 ಬಂದರೆ ಸರಿ, 1.15 ಬಂದರೆ ನೀವು ತಲೆಕೆಳಗೆ ಕೊಟ್ಟಿದ್ದೀರಿ.

ಗೆರೆ ಮತ್ತು ತಪ್ಪಿನ ಅಂದಾಜು ಒಂದಕ್ಕೊಂದು ಹೊಂದುತ್ತವೆಯೇ ಎಂದೂ ನೋಡಬೇಕು. ಗೆರೆಯಿಂದ ಚುಕ್ಕೆಗಳ ನೇರ ದೂರಗಳನ್ನು ವರ್ಗ ಮಾಡಿ ಕೂಡಿಸಿದರೆ ನನಗೆ 6.59 ಬಂತು. ಇರಬೇಕಾದ ತಪ್ಪಿನ ವರ್ಗ `0.16 + b*b*0.36`, ಅಂದರೆ 0.57. ಭಾಗಿಸಿದರೆ 11.6. ಹತ್ತು ಚುಕ್ಕೆಯಲ್ಲಿ ಎರಡು ಅಂಕಿ ಗೆರೆಗೇ ಖರ್ಚಾದವು, ಹಾಗಾಗಿ ಎಂಟರ ಸುತ್ತಮುತ್ತ ಬರಬೇಕಿತ್ತು. 15.5 ದಾಟಿದ್ದರೆ ತಪ್ಪಿನ ಅಂದಾಜು ಚಿಕ್ಕದಾಯಿತು, ಅಥವಾ ಸಂಬಂಧ ನೇರ ಗೆರೆಯೇ ಅಲ್ಲ ಎಂದು ಅನುಮಾನಿಸಬೇಕಿತ್ತು. ಒಂದೇ ಪೊಟ್ಟಣದ ಎರಡು ಡಬ್ಬಿ ನಂಬಿಕೊಂಡಿದ್ದರೆ ಈ ಅಂಕಿ ಮೂವತ್ತರ ಆಚೆಗೆ ಹಾರಿ ನನ್ನನ್ನು ಎಚ್ಚರಿಸುತ್ತಿತ್ತು.

ಯಾರ್ಕ್ ಯಾವಾಗ

ಡೆಮಿಂಗ್ ಎಲ್ಲ ರಾಶಿಗಳಿಗೂ ಒಂದೇ ತಪ್ಪು ಎಂದುಕೊಳ್ಳುತ್ತದೆ. ಕಾಳಿನ ವಿಷಯದಲ್ಲಿ ಇದು ಪೂರ್ತಿ ನಿಜವಲ್ಲ. ಚೆನ್ನಾಗಿ ಒಣಗಿದ ರಾಶಿ ಎಲ್ಲ ಕಡೆಯೂ ಒಂದೇ ಸಮ ಇರುತ್ತದೆ. ಅರೆ ಒಣಗಿದ ರಾಶಿಯಲ್ಲೇ ಮೇಲೊಂದು ಕೆಳಗೊಂದು. ತಪ್ಪು ರಾಶಿಯಿಂದ ರಾಶಿಗೆ ಎರಡು ಮೂರು ಪಟ್ಟು ಬದಲಾದರೆ ಯಾರ್ಕ್ ವಿಧಾನ ಬೇಕು. ಡೆರೆಕ್ ಯಾರ್ಕ್ ಕಲ್ಲುಗಳ ವಯಸ್ಸು ಲೆಕ್ಕ ಹಾಕುತ್ತಿದ್ದವರು. 1966ರಲ್ಲಿ ಪ್ರತಿ ಚುಕ್ಕೆಗೂ ತನ್ನದೇ ತೂಕ ಕೊಡುವ ಕ್ರಮ ಬರೆದರು, 1969ರಲ್ಲಿ ಎರಡು ಅಕ್ಷಗಳ ತಪ್ಪುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನಡೆಯುವಂತೆ ಅದನ್ನು ವಿಸ್ತರಿಸಿದರು. `R` ಬಳಸುವವರಿಗೆ `IsoplotR` ಪ್ಯಾಕೇಜಿನಲ್ಲಿ `york()` ಇದೆ.

ನನ್ನ ಎಚ್ಚರಿಕೆ ಒಂದೇ. ಪ್ರತಿ ರಾಶಿಗೆ ಎರಡೇ ಪೊಟ್ಟಣ ಇದ್ದಾಗ, ಆ ರಾಶಿಯ ತಪ್ಪನ್ನು ಆ ಎರಡರ ವ್ಯತ್ಯಾಸದಿಂದಲೇ ತೆಗೆಯಬೇಡಿ. ಅದೃಷ್ಟಕ್ಕೆ ಎರಡೂ ಒಂದೇ ಬಂದ ರಾಶಿಗೆ ತಪ್ಪು ಸೊನ್ನೆ, ತೂಕ ಅಪಾರ. ಗೆರೆ ಆ ಒಂದು ಚುಕ್ಕೆಗೆ ಜೋತು ಬೀಳುತ್ತದೆ. ಒಣ ರಾಶಿಗಳನ್ನೆಲ್ಲ ಒಂದು ಗುಂಪು, ಹಸಿ ರಾಶಿಗಳನ್ನೆಲ್ಲ ಇನ್ನೊಂದು ಗುಂಪು ಮಾಡಿ, ಗುಂಪಿಗೊಂದು ತಪ್ಪು ಲೆಕ್ಕ ಹಾಕುವುದು ಒಳ್ಳೆಯದು.

ನಾನು ದೂರ ಇಡುವ ಎರಡು

ತಪ್ಪಿನ ಗೊಡವೆಯೇ ಬೇಡ ಎಂದು ಕೆಲವರು ಎರಡು ಹರಡಿಕೆಗಳ ಅನುಪಾತವನ್ನೇ ಇಳಿಜಾರು ಮಾಡಿಕೊಳ್ಳುತ್ತಾರೆ. ಸೂತ್ರ `sqrt(syy/sxx)`. ನನ್ನ ಅಂಕಿಗಳಿಗೆ 1.01 ಬರುತ್ತದೆ. ಚೆನ್ನಾಗಿದೆ ಅನ್ನಿಸುತ್ತದೆ. ಈಗ ಮೀಟರ್ ಅಂಕಿಗಳನ್ನು ಇಸ್ಪೀಟ್ ಎಲೆಯಂತೆ ಕಲಸಿ, ಯಾವುದೋ ರಾಶಿಗೆ ಯಾವುದೋ ಅಂಕಿ ಕೊಡಿ. ಹೆಚ್ಚೆಂದರೆ ಪ್ಲಸ್–ಮೈನಸ್ ಗುರುತು ಬದಲಾಗಬಹುದು, ಅಂಕಿ ಮಾತ್ರ ಆಗಲೂ 1.01. ಯಾವ ಓದು ಯಾವ ರಾಶಿಯದು ಎಂದು ನೋಡದೆಯೇ ಉತ್ತರ ಕೊಡುವ ವಿಧಾನವನ್ನು ನಾನು ಗೋದಾಮಿನವನಿಗೆ ಹೇಳಲಾರೆ.

ಇನ್ನೊಂದು 1983ರ ಪ್ಯಾಸಿಂಗ್–ಬಾಬ್ಲೋಕ್. ಆಸ್ಪತ್ರೆ ಪ್ರಯೋಗಾಲಯಗಳಲ್ಲಿ ಎರಡು ಯಂತ್ರ ಹೋಲಿಸಲು ಬಳಸುತ್ತಾರೆ. ಪ್ರತಿ ಎರಡು ಚುಕ್ಕೆಗಳ ನಡುವಿನ ಇಳಿಜಾರು ತೆಗೆದು, ಅವುಗಳ ನಡುವಿನದನ್ನು ಆರಿಸುತ್ತದೆ. ಒಂದೆರಡು ಚುಕ್ಕೆ ದಾರಿ ತಪ್ಪಿದ್ದರೂ ತಡೆದುಕೊಳ್ಳುತ್ತದೆ. ಆದರೆ ಅದಕ್ಕೆ ಹತ್ತಲ್ಲ, ಕೆಲವು ಹತ್ತುಗಳಷ್ಟು ರಾಶಿ ಬೇಕು. ಎರಡೂ ಕಡೆಯ ತಪ್ಪಿನ ಅನುಪಾತ ಇಳಿಜಾರಿಗೆ ಹೊಂದುವಂತಿರಬೇಕು ಎಂಬ ಷರತ್ತೂ ಒಳಗೇ ಕೂತಿದೆ.

ಸಾಮಾನ್ಯ ಗೆರೆಯೇ ಸರಿಯಾಗುವ ಎರಡು ಸಂದರ್ಭ

ಡೆಮಿಂಗ್ ಕಲಿತವರು ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ನಾನೂ ಹಾಕಿದ್ದೆ. ಅದು ಬೇಡವಾದ ಕಡೆ ಎರಡಿವೆ.

ಮೊದಲನೆಯದು, ತೇವಾಂಶವನ್ನು ನೀವೇ ಗುರಿಯಿಟ್ಟು ಮಾಡಿದಾಗ. 12% ತೇವಾಂಶದ ಒಂದು ಕಿಲೋ ಕಾಳನ್ನು 16%ಕ್ಕೆ ತರಬೇಕು ಎನ್ನಿ. ಸುಮಾರು 48 ಗ್ರಾಂ ನೀರು ಸೇರಿಸಿ, ಡಬ್ಬಿ ಮುಚ್ಚಿ, ತಂಪಿನಲ್ಲಿ ಕೆಲವು ದಿನ ಆಗಾಗ ಕುಲುಕುತ್ತಾ ಇಡುತ್ತೀರಿ. ನಿಜವಾದ ತೇವಾಂಶ 16ರ ಆಚೀಚೆ ಇರುತ್ತದೆ. ಆದರೆ ಇಲ್ಲಿ ಗುರಿ ಸ್ಥಿರ, ನಿಜ ಅದರ ಸುತ್ತ ಅಲುಗುತ್ತದೆ. ರಾಶಿಯ ವಿಷಯದಲ್ಲಿ ನಿಜ ಸ್ಥಿರ, ಓವನ್ ಅಂಕಿ ಅದರ ಸುತ್ತ ಅಲುಗುತ್ತದೆ. ಈ ಭೇದವನ್ನು ಜೋಸೆಫ್ ಬರ್ಕ್‌ಸನ್ 1950ರಲ್ಲಿ ತೋರಿಸಿದರು. ಗುರಿಯ ಅಂಕಿಯನ್ನೇ ಅಡ್ಡ ಅಕ್ಷಕ್ಕೆ ಇಟ್ಟರೆ ಸಾಮಾನ್ಯ ಗೆರೆ ಮಲಗುವುದಿಲ್ಲ, ಡೆಮಿಂಗ್ ಹಾಕಿದರೆ ಅದೇ ತಪ್ಪಾಗುತ್ತದೆ. ತಮಾಷೆಯೆಂದರೆ, ಆ ಕಾಳನ್ನೇ ಓವನ್ನಿಗೆ ಹಾಕಿ ಬಂದ ಅಂಕಿಯನ್ನು ಅಕ್ಷಕ್ಕೆ ಇಟ್ಟರೆ ಮತ್ತೆ ಹಳೆಯ ಸಮಸ್ಯೆಗೇ ಬಂದಿರಿ. ಒಂದು ತೊಡಕೂ ಇದೆ. ನೀರು ಹಾಕಿ ಹಸಿ ಮಾಡಿದ ಕಾಳನ್ನು ಇಂಥ ಮೀಟರುಗಳು ಹೊಲದ ಹಸಿ ಕಾಳಿನ ಹಾಗೇ ಓದುವುದಿಲ್ಲ, ಯಾಕೆಂದರೆ ತೇವ ಕಾಳಿನ ಮೈಮೇಲೆ ಜಾಸ್ತಿ ಉಳಿದಿರಬಹುದು.

ಎರಡನೆಯದು ಗೆಳೆಯನ ಪ್ರಶ್ನೆಯೇ. ಮೀಟರ್ 17 ತೋರಿಸಿದರೆ ಅಸಲಿ ಎಷ್ಟು? ಮೂರು ಗೆರೆಗಳೂ ಮೂರು ಉತ್ತರ ಕೊಡುತ್ತವೆ. ಮೊದಲ ಗೆರೆಯನ್ನು ಹಿಂದಿನಿಂದ ಓದಿದರೆ 16.9. ಡೆಮಿಂಗ್ 16.5. ಮೀಟರನ್ನು ಅಡ್ಡಕ್ಕೆ ಇಟ್ಟು ಎಳೆದ ಗೆರೆ 16.3.

ಇದೇ ಮಾರುಕಟ್ಟೆ, ಇದೇ ಸುಗ್ಗಿ, ಇದೇ ತರಹದ ರಾಶಿಗಳು, ಇದೇ ರೀತಿ ಮೂರು ಕಪ್ಪಿನ ಸರಾಸರಿ. ಇಷ್ಟೂ ಹಾಗೇ ಇದ್ದರೆ 16.3 ಒಳ್ಳೆಯ ಊಹೆ. ಮೀಟರ್ ಮೇಲಕ್ಕೆ ಹೋಗಿದ್ದರಲ್ಲಿ ಸ್ವಲ್ಪ ಪಾಲು ಸುಮ್ನೆ ಅದೃಷ್ಟ, ಆದ್ದರಿಂದ ಉತ್ತರವನ್ನು ಸರಾಸರಿಯ ಕಡೆಗೆ ಎಳೆಯುವುದು ನ್ಯಾಯ. ಆದರೆ ಹಿಂಗಾರು ಮಳೆ ಹಿಡಿದುಕೊಂಡು ರಾಶಿಗಳೆಲ್ಲ 19–20ಕ್ಕೆ ಹೋದರೆ, ಈ ಗೆರೆ ಅವನ್ನೂ ಹಳೆಯ ಸರಾಸರಿ 14.3ರ ಕಡೆಗೇ ಎಳೆಯುತ್ತದೆ. ಮೀಟರ್ 20 ಇದ್ದಾಗ ಇದು 18.9 ಅನ್ನುತ್ತದೆ, ಡೆಮಿಂಗ್ 19.3 ಅನ್ನುತ್ತದೆ. ಗೆರೆಯನ್ನು ಬೇರೆ ಸುಗ್ಗಿಗೆ, ಬೇರೆ ಊರಿಗೆ ಒಯ್ಯುವುದಿದ್ದರೆ, ಎರಡು ಮೀಟರ್ ಹೋಲಿಸುವುದಿದ್ದರೆ, ಮೀಟರಿನ ಒಳಗಿನ ತಿದ್ದುಪಡಿಯನ್ನೇ ಬದಲಿಸುವುದಿದ್ದರೆ ಡೆಮಿಂಗ್ ಬೇಕು. ಓವನ್ನನ್ನು ಅಡ್ಡಕ್ಕೆ ಇಟ್ಟು ಎಳೆದ ಗೆರೆಯನ್ನು ಹಿಂದಿನಿಂದ ಓದುವುದು, ಓವನ್ನಿನ ತಪ್ಪು ಇಷ್ಟು ದೊಡ್ಡದಿದ್ದಾಗ, ಎರಡಕ್ಕೂ ಆಗಿಬರುವುದಿಲ್ಲ.

16.9ಕ್ಕೂ 16.5ಕ್ಕೂ ಏನು ದೊಡ್ಡ ಅಂತರ ಎಂದು ಕೇಳಬಹುದು. ನೂರು ಕ್ವಿಂಟಲ್ ರಾಶಿಯನ್ನು 14% ತೇವಾಂಶದ ತೂಕಕ್ಕೆ ಇಳಿಸಿ ಲೆಕ್ಕ ಹಾಕಿ. ಅಂತರ ಸುಮಾರು ಅರ್ಧ ಕ್ವಿಂಟಲ್. ರೈತನ ಅರ್ಧ ಕ್ವಿಂಟಲ್.

ಇಷ್ಟು ಮಾಡಿದ ಮೇಲೂ

ಗೆಳೆಯ ಮೀಟರಿನ ತಿದ್ದುಪಡಿ ಬದಲಿಸಲು ಸಿದ್ಧನಾಗಿದ್ದ. ನಾನು ತಡೆದೆ. ಹತ್ತು ರಾಶಿಗಳಲ್ಲಿ ಒಂದೊಂದನ್ನೇ ಬಿಟ್ಟು ಒಂಬತ್ತಕ್ಕೆ ಡೆಮಿಂಗ್ ಎಳೆದು ನೋಡಿದೆ. 11.6ರ ರಾಶಿ ಬಿಟ್ಟರೆ ಇಳಿಜಾರು 1.19ಕ್ಕೆ ಏರಿತು. 16.1ರದು ಬಿಟ್ಟರೆ 0.97ಕ್ಕೆ ಇಳಿಯಿತು. ಈ ಹತ್ತು ಇಳಿಜಾರುಗಳು ತಮ್ಮ ಸರಾಸರಿಯಿಂದ ಎಷ್ಟು ದೂರ ಇವೆ ಎಂದು ವರ್ಗ ಮಾಡಿ ಕೂಡಿಸಿ, 0.9ರಿಂದ ಗುಣಿಸಿ, ವರ್ಗಮೂಲ ತೆಗೆದರೆ ಇಳಿಜಾರಿನ ಅನಿಶ್ಚಿತತೆ ಸಿಗುತ್ತದೆ. ನನಗೆ 0.23 ಬಂತು.

ಅಂದರೆ 1.07 ಎಂಬ ಉತ್ತರ ಒಂದಕ್ಕಿಂತ ಬೇರೆ ಎಂದು ಹೇಳಲು ಧೈರ್ಯ ಸಾಲದು. ಡೆಮಿಂಗ್ ಗೆರೆ ಮಲಗುವುದನ್ನು ತಪ್ಪಿಸಿತು, ಮಾಹಿತಿಯನ್ನು ಹುಟ್ಟಿಸಲಿಲ್ಲ. ಇದೇ ಅಗಲದಲ್ಲಿ ಇನ್ನೂ ಹತ್ತು ರಾಶಿ ಸೇರಿಸಿದರೆ ಅನಿಶ್ಚಿತತೆ 0.16ರ ಹತ್ತಿರಕ್ಕೆ ಬರಬಹುದು ಅಷ್ಟೇ. ರಾಶಿಗಳ ಹರಡಿಕೆಯನ್ನೇ ಎರಡು ಪಟ್ಟು ಮಾಡಿದರೆ ಹತ್ತೇ ರಾಶಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಕುಗ್ಗುವ ಪಾಲೂ 0.87ರಿಂದ 0.96ಕ್ಕೆ ಬರುತ್ತದೆ, ಸಾಮಾನ್ಯ ಗೆರೆಗೂ ಡೆಮಿಂಗಿಗೂ ಜಗಳವೇ ಕಡಿಮೆ.

ಹಾಗಾಗಿ ಈ ಸಲ ಎರಡು ಬದಲಾವಣೆ ಮಾಡಿದ್ದೇವೆ. ಜಗಳೂರು ಕಡೆಯಿಂದ ಕೊಯ್ದ ದಿನವೇ ತಂದ ಹಸಿ ಕಾಳು ನಾಲ್ಕು ರಾಶಿ, ಹೋದ ವರ್ಷದಿಂದ ಗೋದಾಮಿನಲ್ಲಿದ್ದ ಒಣ ಕಾಳು ಮೂರು ರಾಶಿ ಸೇರಿವೆ. ಮತ್ತೆ, ಮೀಟರಿನ ಕಪ್ಪಿಗೆ ಸುರಿದ ಕಾಳನ್ನೇ ಚೆನ್ನಾಗಿ ಕಲಸಿ, ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿ, ಅದರಿಂದಲೇ ಓವನ್ನಿಗೆ ತೆಗೆಯುತ್ತಿದ್ದೇವೆ. ರಾಶಿಯ ಮೇಲು ಕೆಳಗು ಎಷ್ಟೇ ಇರಲಿ, ಎರಡೂ ಅಂಕಿ ಈಗ ಅದೇ ಕಾಳಿನವು. ಡಬ್ಬಿಗಳು ಸೋಮವಾರ ಓವನ್ನಿಗೆ ಹೋದವು. ಗುರುವಾರ ತೂಗಬೇಕು.